ಎಲ್ಲರೆದುರು ಹುಟ್ಟುವ ಗುಟ್ಟು

ಹಿಂದೆಂದೂ ಭೇಟಿಯಾಗದ ಇಬ್ಬರು ದೂರದಿಂದ ಮಾತಿಗೆ ತೊಡಗುತ್ತಾರೆ. ಅವರು ಆಡುವ ಒಂದೊಂದು ಅಕ್ಷರವನ್ನೂ ಮೂರನೆಯವನೊಬ್ಬ ಕೇಳಿಸಿಕೊಂಡು ಬರೆದಿಟ್ಟುಕೊಳ್ಳುತ್ತಿದ್ದಾನೆ. ಇದು ಇಬ್ಬರಿಗೂ ಗೊತ್ತು. ಆದರೂ ಮಾತು ಮುಗಿಯುವಷ್ಟರಲ್ಲಿ ಇಬ್ಬರ ಬಳಿಯೂ ಒಂದೇ ರಹಸ್ಯ ಸಂಖ್ಯೆ ಇರುತ್ತದೆ, ಎಲ್ಲವನ್ನೂ ಕೇಳಿದ ಮೂರನೆಯವನ ಬಳಿ ಮಾತ್ರ ಅದು ಇರುವುದಿಲ್ಲ. ಈ ವಿಧಾನಕ್ಕೆ ಡಿಫಿ–ಹೆಲ್‌ಮನ್ ಕೀಲಿ ವಿನಿಮಯ ಎಂದು ಹೆಸರು. ಬ್ಯಾಂಕಿನ ಜಾಲತಾಣ ತೆರೆದಾಗ, ವಾಟ್ಸಾಪಿನಲ್ಲಿ ಸಂದೇಶ ಕಳಿಸಿದಾಗ ಇದೇ ವಿಧಾನದ ಯಾವುದಾದರೊಂದು ರೂಪ ತೆರೆಮರೆಯಲ್ಲಿ ನಡೆದಿರುತ್ತದೆ. ಇದರ ತಿರುಳನ್ನು ತಿಳಿಯಲು ಹೈಸ್ಕೂಲಿನ ಗಣಿತ ಸಾಕು. ಗುಣಾಕಾರ, ಭಾಗಾಕಾರ ಮತ್ತು ಘಾತದ ಕಲ್ಪನೆ ಇದ್ದರೆ ಕಾಗದದ ಮೇಲೆಯೇ ಮಾಡಿ ನೋಡಬಹುದು.

ಗೂಢಲಿಪಿಯ ಇತಿಹಾಸದಲ್ಲಿ ಬಹುಕಾಲ ಬಿಡಿಸಲಾಗದೆ ಉಳಿದಿದ್ದ ಸಮಸ್ಯೆ ಕೀಲಿಯದು. ಬರಹವನ್ನು ಯಾರಿಗೂ ಅರ್ಥವಾಗದಂತೆ ಕಲಸಿ ಕಳಿಸುವ ಕೌಶಲ ಹಳೆಯದು. ಆದರೆ ಕಲಸಿದ್ದನ್ನು ಬಿಡಿಸಲು ಆಚೆ ಬದಿಯವರ ಬಳಿಯೂ ಅದೇ ಕೀಲಿ ಇರಬೇಕಲ್ಲ? ಆ ಕೀಲಿಯನ್ನು ಮುಟ್ಟಿಸುವುದು ಹೇಗೆ? ಸೇನೆಗಳು, ರಾಯಭಾರ ಕಚೇರಿಗಳು ನಂಬಿಕಸ್ತ ದೂತರ ಕೈಯಲ್ಲಿ ಸಂಕೇತ ಪುಸ್ತಕಗಳನ್ನು ಮುಂಚಿತವಾಗಿ ಕಳಿಸಿಕೊಡುತ್ತಿದ್ದವು. ಒಬ್ಬರನ್ನೊಬ್ಬರು ಅರಿಯದ ಲಕ್ಷಾಂತರ ಜನ ಗಣಕಯಂತ್ರಗಳ ಮೂಲಕ ಮಾತಾಡುವ ಕಾಲಕ್ಕೆ ಈ ಏರ್ಪಾಡು ಹೊಂದುವಂಥದ್ದಲ್ಲ. ಕೀಲಿಯನ್ನು ಕಳಿಸಲು ಸುರಕ್ಷಿತ ದಾರಿ ಬೇಕು, ಸುರಕ್ಷಿತ ದಾರಿ ಆಗಬೇಕಾದರೆ ಮೊದಲು ಕೀಲಿ ಬೇಕು ಎಂಬಲ್ಲಿಗೆ ಮಾತು ನಿಂತುಹೋಗುತ್ತಿತ್ತು.

1974ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಲ್ಫ್ ಮರ್ಕ್ಲ್, ಬಹಿರಂಗವಾಗಿಯೇ ಕೀಲಿಯನ್ನು ಒಪ್ಪಿಕೊಳ್ಳಬಹುದೆಂಬ ವಿಚಾರವನ್ನು ಒಗಟುಗಳ ರೂಪದಲ್ಲಿ ಮುಂದಿಟ್ಟರು. ಅವರ ವಿಧಾನದಲ್ಲಿ ಕದ್ದು ಕೇಳುವವನಿಗೆ ಹೆಚ್ಚು ಶ್ರಮವಾಗುತ್ತಿತ್ತು ನಿಜ, ಆದರೆ ಬೇಕಾದಷ್ಟು ಹೆಚ್ಚಲ್ಲ. 1976ರ ನವೆಂಬರಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಪ್ರಕಟಿಸಿದ ಪ್ರಬಂಧ ಆ ಅಂತರವನ್ನು ಅಗಾಧವಾಗಿಸಿತು. ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂನಲ್ಲಿದ್ದ ಮಾಲ್ಕಮ್ ವಿಲಿಯಮ್ಸನ್ ಇದೇ ವಿಧಾನವನ್ನು ಅದಕ್ಕೂ ಮೊದಲು ಕಂಡುಕೊಂಡಿದ್ದರು. ಆದರೆ ಆ ಸಂಗತಿ 1997ರವರೆಗೂ ಹೊರಬರಲಿಲ್ಲ. ಡಿಫಿ ಮತ್ತು ಹೆಲ್‌ಮನ್ ಅವರಿಗೆ 2015ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿತು. ವಿಧಾನದ ಹೆಸರಿನಲ್ಲಿ ಮರ್ಕ್ಲ್ ಅವರ ಹೆಸರೂ ಸೇರಬೇಕೆಂದು ಸ್ವತಃ ಹೆಲ್‌ಮನ್ ಹೇಳಿದ್ದಾರೆ. ಅದು ನ್ಯಾಯವಾದ ಮಾತು.

ಈ ವಿಧಾನವೆಲ್ಲ ನಿಂತಿರುವುದು ಶೇಷಗಳ ಲೆಕ್ಕದ ಮೇಲೆ. ಮಾಡ್ಯುಲರ್ ಅಂಕಗಣಿತ ಎಂದು ಕರೆಯುವುದು ಇದನ್ನೇ. ಇಂದು ಮಂಗಳವಾರವಾದರೆ ಇನ್ನು 100 ದಿನಕ್ಕೆ ಯಾವ ವಾರ ಬರುತ್ತದೆ ಎಂದು ಕೇಳಿದರೆ ಯಾರೂ ನೂರು ದಿನ ಎಣಿಸುವುದಿಲ್ಲ. 100ನ್ನು 7ರಿಂದ ಭಾಗಿಸಿದರೆ ಶೇಷ 2, ಆದ್ದರಿಂದ ಗುರುವಾರ. ನಡುವೆ ಎಷ್ಟು ವಾರ ಉರುಳಿತೆಂಬುದು ಉತ್ತರದಲ್ಲಿ ಉಳಿಯುವುದಿಲ್ಲ. ‘ಗುರುವಾರ’ ಎಂಬ ಉತ್ತರವನ್ನಷ್ಟೇ ಕೇಳಿದವರಿಗೆ ಕಳೆದದ್ದು 2 ದಿನವೋ 9 ದಿನವೋ 100 ದಿನವೋ ಹೇಳಲು ಬಾರದು. ಶೇಷವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುವ ಈ ಗುಣವೇ ಮುಂದೆ ರಹಸ್ಯವನ್ನು ಕಾಯುತ್ತದೆ.

ಶೇಷದ ಲೆಕ್ಕಕ್ಕೆ ಇನ್ನೊಂದು ಅನುಕೂಲವಿದೆ. ಉದ್ದನೆಯ ಗುಣಾಕಾರದಲ್ಲಿ ಶೇಷವನ್ನು ಕೊನೆಗೆ ತೆಗೆದರೂ ಒಂದೇ, ಹೆಜ್ಜೆಹೆಜ್ಜೆಗೂ ತೆಗೆಯುತ್ತಾ ಹೋದರೂ ಒಂದೇ, ಉತ್ತರ ಬದಲಾಗುವುದಿಲ್ಲ. ಹಾಗಾಗಿ ಸಂಖ್ಯೆಗಳು ಎಂದೂ ಬೆಟ್ಟದಷ್ಟು ಬೆಳೆಯುವುದಿಲ್ಲ. ಇಲ್ಲಿನ ಉದಾಹರಣೆಗೆ 47 ಎಂಬ ಅವಿಭಾಜ್ಯ ಸಂಖ್ಯೆಯನ್ನು ಭಾಜಕವಾಗಿಯೂ 5ನ್ನು ಆಧಾರವಾಗಿಯೂ ಇಟ್ಟುಕೊಳ್ಳೋಣ. 5ರ ಮೊದಲ ಘಾತ 5, ಎರಡನೆಯದು 25. ಮೂರನೆಯದು 125, ಅದರಿಂದ 47ರ ಎರಡು ಪಟ್ಟು 94ನ್ನು ಕಳೆದರೆ ಉಳಿಯುವುದು 31. ಆ 31ನ್ನೇ ಮತ್ತೆ 5ರಿಂದ ಗುಣಿಸಿದರೆ 155, ಶೇಷ 14. ಹೀಗೆ ಮುಂದುವರಿದರೆ ಮೊದಲ ಹನ್ನೆರಡು ಘಾತಗಳ ಶೇಷಗಳು ಈ ಕ್ರಮದಲ್ಲಿ ಬರುತ್ತವೆ:

5, 25, 31, 14, 23, 21, 11, 8, 40, 12, 13, 18

ಈ ಸಾಲಿನಲ್ಲಿ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. 46 ಹೆಜ್ಜೆ ನಡೆದರೆ 1ರಿಂದ 46ರವರೆಗಿನ ಎಲ್ಲ ಸಂಖ್ಯೆಗಳೂ ಒಂದೊಂದು ಸಲ, ಒಂದೇ ಒಂದು ಸಲ, ಕಾಣಿಸಿಕೊಳ್ಳುತ್ತವೆ. 46ನೇ ಹೆಜ್ಜೆಗೆ ಶೇಷ 1 ಆಗಿ, ಅಲ್ಲಿಂದ ಇದೇ ಸಾಲು ಮರುಕಳಿಸುತ್ತದೆ. ಎಲ್ಲ ಆಧಾರಗಳಿಗೂ ಈ ಗುಣ ಇರುವುದಿಲ್ಲ. 5ರ ಬದಲು 2ನ್ನು ತೆಗೆದುಕೊಂಡಿದ್ದರೆ 23ನೇ ಹೆಜ್ಜೆಗೇ 1 ಬಂದು, ಅರ್ಧದಷ್ಟು ಸಂಖ್ಯೆಗಳು ಸಾಲಿಗೆ ಬರುತ್ತಲೇ ಇರಲಿಲ್ಲ.

ಈಗ ವಿನಿಮಯವನ್ನು ನೋಡಬಹುದು. ಒಂದು ಬದಿಯಲ್ಲಿ ಅನು, ಇನ್ನೊಂದು ಬದಿಯಲ್ಲಿ ಬಸು. 47 ಮತ್ತು 5 ಎಂಬ ಎರಡು ಸಂಖ್ಯೆಗಳನ್ನು ಇಬ್ಬರೂ ಬಹಿರಂಗವಾಗಿ ಒಪ್ಪಿಕೊಳ್ಳುತ್ತಾರೆ. ಆಮೇಲೆ ಅನು ಯಾರಿಗೂ ಹೇಳದೆ ಮನಸ್ಸಿನಲ್ಲೇ 12 ಎಂಬ ಸಂಖ್ಯೆಯನ್ನು ಆರಿಸಿಕೊಳ್ಳುತ್ತಾಳೆ. 5ರ 12ನೇ ಘಾತವನ್ನು 47ರಿಂದ ಭಾಗಿಸಿದಾಗ ಉಳಿಯುವ ಶೇಷ, ಮೇಲಿನ ಸಾಲಿನಲ್ಲಿ ಕೊನೆಗೆ ಇರುವ 18. ಅದನ್ನು ಬಸುವಿಗೆ ಎಲ್ಲರಿಗೂ ಕೇಳುವಂತೆಯೇ ಹೇಳುತ್ತಾಳೆ. ಬಸು ತನ್ನೊಳಗೇ 19ನ್ನು ಆರಿಸಿಕೊಂಡು 5ರ 19ನೇ ಘಾತದ ಶೇಷವನ್ನು ತೆಗೆಯುತ್ತಾನೆ. ಅದು 10. ಅದನ್ನು ಅವನೂ ಬಹಿರಂಗವಾಗಿಯೇ ಹೇಳುತ್ತಾನೆ. ತಂತಿಯ ಮೇಲೆ ಸಾಗುವುದು ಇಷ್ಟೇ: 47, 5, 18, 10.

ಇನ್ನುಳಿದದ್ದು ಮನೆಗೆಲಸ. ಅನು ತನಗೆ ಬಂದ 10ನ್ನು ತನ್ನ ಗುಟ್ಟಾದ 12ನೇ ಘಾತಕ್ಕೆ ಏರಿಸುತ್ತಾಳೆ. 10ರ ವರ್ಗ 100, ಶೇಷ 6. ಅದರ ವರ್ಗ 36, ಇದು 4ನೇ ಘಾತ. 36ರ ವರ್ಗ 1296, ಶೇಷ 27, ಇದು 8ನೇ ಘಾತ. 8 ಮತ್ತು 4 ಸೇರಿದರೆ 12, ಆದ್ದರಿಂದ 27ನ್ನು 36ರಿಂದ ಗುಣಿಸಬೇಕು: 972. ಅದರಿಂದ 47ರ ಇಪ್ಪತ್ತು ಪಟ್ಟು, ಅಂದರೆ 940 ಕಳೆದರೆ ಉಳಿಯುವುದು 32.

ಬಸು ತನಗೆ ಬಂದ 18ನ್ನು ತನ್ನ 19ನೇ ಘಾತಕ್ಕೆ ಏರಿಸುತ್ತಾನೆ. 18ರ ವರ್ಗ 324, ಶೇಷ 42. 4ನೇ ಘಾತ 25, 8ನೆಯದು 14, 16ನೆಯದು 8. 19 ಎಂದರೆ 16, 2 ಮತ್ತು 1ರ ಮೊತ್ತ, ಹಾಗಾಗಿ 8, 42, 18 ಈ ಮೂರನ್ನೂ ಗುಣಿಸಬೇಕು. 8 ಮತ್ತು 42ರ ಗುಣಲಬ್ಧ 336, ಶೇಷ 7. 7 ಮತ್ತು 18ರ ಗುಣಲಬ್ಧ 126, ಶೇಷ 32. ಇಬ್ಬರಿಗೂ ಬಂದದ್ದು 32. ಈ ಸಂಖ್ಯೆ ಮಾತುಕತೆಯ ಉದ್ದಕ್ಕೂ ಯಾರ ಬಾಯಲ್ಲೂ ಬಂದಿಲ್ಲ.

ಎರಡು ಬೇರೆ ದಾರಿಗಳು ಒಂದೇ ಕಡೆ ಸೇರಿದ್ದು ಕಾಕತಾಳೀಯವಲ್ಲ. ಬಸು ಕಳಿಸಿದ 10 ಎಂದರೆ 5ರ 19ನೇ ಘಾತ. ಅದನ್ನು 12ನೇ ಘಾತಕ್ಕೆ ಏರಿಸಿದರೆ 5ರ ಘಾತಾಂಕ 19 × 12, ಅಂದರೆ 228. ಅನು ಕಳಿಸಿದ 18 ಎಂದರೆ 5ರ 12ನೇ ಘಾತ. ಅದನ್ನು 19ನೇ ಘಾತಕ್ಕೆ ಏರಿಸಿದರೂ ಘಾತಾಂಕ 12 × 19, ಅದೇ 228. ಗುಣಾಕಾರದಲ್ಲಿ ಹಿಂದುಮುಂದಾದರೂ ಫಲ ಒಂದೇ ಎಂದು ಪ್ರಾಥಮಿಕ ಶಾಲೆಯಲ್ಲಿ ಕಲಿತ ನಿಯಮವೇ ಇಲ್ಲಿ ಕೆಲಸ ಮಾಡುತ್ತಿದೆ. ವಿಶೇಷವೆಂದರೆ ಅನುವಿಗೆ ಬಸುವಿನ 19 ತಿಳಿಯಲೇ ಇಲ್ಲ, ಬಸುವಿಗೆ ಅನುವಿನ 12 ತಿಳಿಯಲೇ ಇಲ್ಲ. ತಿಳಿಯುವ ಅಗತ್ಯವೂ ಬೀಳಲಿಲ್ಲ.

ಕದ್ದಾಲಿಸುವವನ ಜಾಗದಲ್ಲಿ ನಿಂತು ನೋಡಿದಾಗಲೇ ಈ ವಿಧಾನದ ಸೊಗಸು ಅರಿವಾಗುವುದು. ಅವನ ಕೈಯಲ್ಲಿ 47, 5, 18, 10 ಇವೆ. ಸಹಜವಾಗಿ ಹೊಳೆಯುವ ಮೊದಲ ಉಪಾಯ, 18 ಮತ್ತು 10ನ್ನು ಗುಣಿಸಿ ನೋಡುವುದು. ಗುಣಲಬ್ಧ 180, ಶೇಷ 39. ಬೇಕಾದದ್ದು 32, ಬಂದದ್ದು 39. ಏಕೆಂದರೆ ಎರಡು ಘಾತಗಳನ್ನು ಗುಣಿಸಿದರೆ ಘಾತಾಂಕಗಳು ಕೂಡುತ್ತವೆ: 39 ಎಂಬುದು 5ರ 31ನೇ ಘಾತದ ಶೇಷ, 31 ಎಂದರೆ 12 ಮತ್ತು 19ರ ಮೊತ್ತ. ಅವನಿಗೆ ಬೇಕಿರುವುದು ಘಾತಾಂಕಗಳ ಮೊತ್ತವಲ್ಲ, ಗುಣಲಬ್ಧ. ಘಾತಾಂಕಗಳು ಗುಣಾಕಾರವಾಗಬೇಕಾದರೆ ಒಂದು ಬಹಿರಂಗ ಸಂಖ್ಯೆಯನ್ನು ಇನ್ನೊಬ್ಬರ ರಹಸ್ಯ ಘಾತಕ್ಕೆ ಏರಿಸಬೇಕು. ಆ ರಹಸ್ಯಗಳಲ್ಲಿ ಒಂದಾದರೂ ಅವನ ಬಳಿ ಇರಬೇಕು, ಎರಡೂ ಇಲ್ಲ. ಕೇಳಿದ ಸಂಖ್ಯೆಗಳನ್ನು ಹೇಗೆ ಗುಣಿಸಿ ಭಾಗಿಸಿದರೂ ಘಾತಾಂಕಗಳು ಕೂಡುತ್ತವೆ, ಕಳೆಯುತ್ತವೆ, ಒಂದಕ್ಕೊಂದು ಗುಣಾಕಾರವಾಗುವುದಿಲ್ಲ.

ಹಾಗಿದ್ದರೆ ರಹಸ್ಯವನ್ನೇ ಹಿಡಿಯಬೇಕು. ಪ್ರಶ್ನೆ ಹೀಗೆ ನಿಲ್ಲುತ್ತದೆ: 5ನ್ನು ಎಷ್ಟನೇ ಘಾತಕ್ಕೆ ಏರಿಸಿ 47ರಿಂದ ಭಾಗಿಸಿದರೆ ಶೇಷ 18 ಬರುತ್ತದೆ? ಗಣಿತಜ್ಞರು ಇದನ್ನು ಡಿಸ್ಕ್ರೀಟ್ ಲಾಗರಿದಮ್ ಸಮಸ್ಯೆ ಎನ್ನುತ್ತಾರೆ. ಶೇಷ ತೆಗೆಯದೇ ಹೋಗಿದ್ದರೆ ಇದು ಸಮಸ್ಯೆಯೇ ಆಗುತ್ತಿರಲಿಲ್ಲ. 5ರ 12ನೇ ಘಾತ 24,41,40,625. ಈ ಸಂಖ್ಯೆಯ ಗಾತ್ರ ನೋಡಿಯೇ ಘಾತಾಂಕವನ್ನು ಅಂದಾಜಿಸಬಹುದು, ಹೆಚ್ಚಾದರೆ ಇಳಿಸಿ ಕಡಿಮೆಯಾದರೆ ಏರಿಸಿ ನಾಲ್ಕೈದು ಪ್ರಯತ್ನದಲ್ಲಿ 12ಕ್ಕೆ ಬಂದು ತಲುಪಬಹುದು. ಶೇಷ ತೆಗೆದ ಕೂಡಲೇ ಗಾತ್ರದ ಈ ಸುಳಿವು ಅಳಿಸಿಹೋಗುತ್ತದೆ. 12ನೇ ಘಾತಕ್ಕೆ 18, 13ಕ್ಕೆ 43, 14ಕ್ಕೆ 27, 15ಕ್ಕೆ 41, 16ಕ್ಕೆ 17. ಕದ್ದಾಲಿಸುವವನು 13ನ್ನು ಪರೀಕ್ಷಿಸಿ 43 ಪಡೆದರೆ, ತಾನು ಉತ್ತರಕ್ಕೆ ಒಂದೇ ಹೆಜ್ಜೆ ದೂರದಲ್ಲಿದ್ದೇನೆಂದು ಅವನಿಗೆ ತಿಳಿಯುವುದೇ ಇಲ್ಲ. ‘ಹತ್ತಿರ ಬಂದೆ’ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

47ರಷ್ಟು ಚಿಕ್ಕ ಸಂಖ್ಯೆಗೆ ಒಂದೊಂದಾಗಿ 46 ಘಾತಗಳನ್ನೂ ಪರೀಕ್ಷಿಸುವುದು ಕೆಲವೇ ನಿಮಿಷದ ಕೆಲಸ. ಅದಕ್ಕಿಂತಲೂ ಚುರುಕಾದ ದಾರಿಯನ್ನು ಅಮೆರಿಕದ ಗಣಿತಜ್ಞ ಡೇನಿಯಲ್ ಶ್ಯಾಂಕ್ಸ್ ತೋರಿಸಿಕೊಟ್ಟಿದ್ದಾರೆ. ಪುಟ್ಟ ಹೆಜ್ಜೆ, ದೊಡ್ಡ ಹೆಜ್ಜೆ ಎಂಬುದು ಅದರ ಹೆಸರು. 46ರ ವರ್ಗಮೂಲ ಸುಮಾರು 7. ಮೊದಲು 5ರ 0ಯಿಂದ 6ನೇ ಘಾತದವರೆಗಿನ ಏಳು ಶೇಷಗಳ ಪಟ್ಟಿ ಮಾಡಿಕೊಳ್ಳಬೇಕು: 1, 5, 25, 31, 14, 23, 21. ಆಮೇಲೆ 18ರಿಂದ ಹೊರಟು ಏಳೇಳು ಘಾತಗಳಷ್ಟು ಹಿಂದಕ್ಕೆ ಜಿಗಿಯಬೇಕು. 5ರ 7ನೇ ಘಾತ 11. 11ರಿಂದ ಭಾಗಿಸುವ ಬದಲು 30ರಿಂದ ಗುಣಿಸಿದರೆ ಸಾಕು, ಏಕೆಂದರೆ 11 ಮತ್ತು 30ರ ಗುಣಲಬ್ಧ 330, ಅದರ ಶೇಷ 1. 18ನ್ನು 30ರಿಂದ ಗುಣಿಸಿದರೆ 540, ಶೇಷ 23. ಪಟ್ಟಿಯಲ್ಲಿ 23 ಇದೆ, 5ನೇ ಘಾತದ ಜಾಗದಲ್ಲಿ. ಒಂದು ಜಿಗಿತದ 7, ಪಟ್ಟಿಯ 5, ಕೂಡಿಸಿದರೆ 12. ಅನುವಿನ ಗುಟ್ಟು ಬಯಲಾಯಿತು. ಬಸುವಿನ 10ಕ್ಕೂ ಹೀಗೆಯೇ ಮಾಡಿದರೆ ಮೊದಲ ಜಿಗಿತಕ್ಕೆ 18, ಎರಡನೆಯದಕ್ಕೆ 23. ಎರಡು ಜಿಗಿತಕ್ಕೆ 14, ಪಟ್ಟಿಯ 5, ಒಟ್ಟು 19.

ಹೀಗಾಗಿ ಚಿಕ್ಕ ಸಂಖ್ಯೆಗಳಿಂದ ವಿಧಾನ ಅರ್ಥವಾಗುತ್ತದೆಯೇ ಹೊರತು ರಹಸ್ಯ ಉಳಿಯುವುದಿಲ್ಲ. ರಹಸ್ಯ ಉಳಿಯುವುದು ಸಂಖ್ಯೆ ಬೆಳೆದಾಗ ಎರಡು ಬದಿಯ ಶ್ರಮ ಬೇರೆಬೇರೆ ವೇಗದಲ್ಲಿ ಬೆಳೆಯುವುದರಿಂದ. ಅನು 10ರ 12ನೇ ಘಾತವನ್ನು ಹನ್ನೊಂದು ಗುಣಾಕಾರಗಳಲ್ಲಿ ಅಲ್ಲ, ನಾಲ್ಕರಲ್ಲಿ ಮುಗಿಸಿದಳು: ವರ್ಗ ಮಾಡುತ್ತಾ ಹೋಗಿ, ಬೇಕಾದ ವರ್ಗಗಳನ್ನಷ್ಟೇ ಗುಣಿಸಿದಳು. ಪ್ರತಿ ವರ್ಗಕ್ಕೂ ಘಾತಾಂಕ ಇಮ್ಮಡಿಯಾಗುತ್ತದೆ. ನಿಜವಾದ ಬಳಕೆಯಲ್ಲಿ ಭಾಜಕ 2048 ಬಿಟ್‌ಗಳದ್ದು, ಅಂದರೆ 617 ಅಂಕಿಗಳ ಸಂಖ್ಯೆ. ರಹಸ್ಯವೂ ಅಷ್ಟೇ ಉದ್ದವಿದ್ದರೂ ಸುಮಾರು ಮೂರು ಸಾವಿರ ಗುಣಾಕಾರಗಳಲ್ಲಿ ಕೆಲಸ ಮುಗಿಯುತ್ತದೆ. ಮೊಬೈಲ್ ಫೋನಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಅದೇ ಕದ್ದಾಲಿಸುವವನು ಒಂದೊಂದಾಗಿ ಪರೀಕ್ಷಿಸಿದರೆ 617 ಅಂಕಿಗಳ ಸಂಖ್ಯೆಯಷ್ಟು ಪ್ರಯತ್ನ ಬೇಕು. ಶ್ಯಾಂಕ್ಸ್ ದಾರಿ ಹಿಡಿದರೂ ಸುಮಾರು 309 ಅಂಕಿಗಳಷ್ಟು ಹೆಜ್ಜೆಗಳು ಬೇಕು, ಪಟ್ಟಿಯೂ ಅಷ್ಟೇ ಉದ್ದವಾಗಬೇಕು. ಭೂಮಿಯ ಮೇಲಿರುವ ಎಲ್ಲ ಗಣಕಯಂತ್ರಗಳನ್ನು ಒಟ್ಟುಗೂಡಿಸಿದರೂ ಅಂಥ ಪಟ್ಟಿಯ ಅಂಚನ್ನೂ ಮುಟ್ಟಲಾಗದು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕದ್ದಾಲಿಸುವವನಿಗೆ ‘ಸಾಧ್ಯವಿಲ್ಲ’ ಎಂಬುದು ಗಣಿತದ ಪ್ರಮೇಯವಲ್ಲ. ಉತ್ತರವನ್ನು ಖಚಿತವಾಗಿ ನಿರ್ಧರಿಸುವ ಮಾಹಿತಿಯೆಲ್ಲ ಅವನ ಕೈಯಲ್ಲೇ ಇದೆ. ಅವನಿಗೆ ಇಲ್ಲದ್ದು ಅದನ್ನು ಹೊರತೆಗೆಯುವ ಕಾಲ. ಡಿಸ್ಕ್ರೀಟ್ ಲಾಗರಿದಮ್ ಬಿಡಿಸಲು ಸುಲಭದ ದಾರಿ ಇಲ್ಲವೇ ಇಲ್ಲ ಎಂದು ಯಾರೂ ಸಾಧಿಸಿ ತೋರಿಸಿಲ್ಲ. ಐದು ದಶಕಗಳಿಂದ ಪ್ರಪಂಚದ ನುರಿತ ಗಣಿತಜ್ಞರು ಹುಡುಕಿದರೂ ಇಂದಿನ ಗಣಕಯಂತ್ರಗಳಿಗೆ ಅಂಥ ದಾರಿ ಸಿಕ್ಕಿಲ್ಲ ಎಂಬುದೇ ನಂಬಿಕೆಗೆ ಇರುವ ಆಧಾರ.

ಆದರೆ ಶ್ಯಾಂಕ್ಸ್ ದಾರಿಗಿಂತ ಬಹಳ ವೇಗದ ದಾರಿಗಳು ಸಿಕ್ಕಿವೆ, ಭಾಜಕವನ್ನು ಅಷ್ಟು ದೊಡ್ಡದಾಗಿ ಇಟ್ಟುಕೊಳ್ಳಬೇಕಾಗಿ ಬಂದದ್ದು ಅದಕ್ಕೇ. ಸಂಖ್ಯೆಗಳನ್ನು ಸಣ್ಣ ಅವಿಭಾಜ್ಯ ಅಪವರ್ತನಗಳಾಗಿ ಒಡೆದು, ಆ ಅಪವರ್ತನಗಳ ಘಾತಾಂಕಗಳನ್ನು ಮೊದಲು ಕಂಡುಹಿಡಿದು, ಅವುಗಳಿಂದ ಬೇಕಾದದ್ದನ್ನು ಜೋಡಿಸುವ ವಿಧಾನಗಳು ಇವು. 2019ರ ಡಿಸೆಂಬರಿನಲ್ಲಿ ಸಂಶೋಧಕರ ತಂಡವೊಂದು 795 ಬಿಟ್‌ಗಳ, ಅಂದರೆ 240 ಅಂಕಿಗಳ ಭಾಜಕಕ್ಕೆ ಡಿಸ್ಕ್ರೀಟ್ ಲಾಗರಿದಮ್ ಲೆಕ್ಕ ಹಾಕಿ ತೋರಿಸಿತು. ಒಂದೇ ಪ್ರೊಸೆಸರ್ ಕೋರ್ ಆ ಕೆಲಸ ಮಾಡಿದ್ದರೆ ಸುಮಾರು 3,100 ವರ್ಷ ಹಿಡಿಯುತ್ತಿತ್ತು. 2048 ಬಿಟ್ ಅಲ್ಲಿಂದ ಇನ್ನೂ ಬಹುದೂರ.

ಭಾಜಕ ದೊಡ್ಡದಾಗಿದ್ದರೆ ಮಾತ್ರ ಸಾಲದು, ಅದರ ಜಾತಕವೂ ಚೆನ್ನಾಗಿರಬೇಕು. ನೋಡಬೇಕಾದದ್ದು ಭಾಜಕಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು. 47ರ ಬದಲು 61ನ್ನು ಆರಿಸಿದ್ದರೆ ಆ ಸಂಖ್ಯೆ 60, ಅದು 3, 4, 5ರ ಗುಣಲಬ್ಧ. ಆಗ ಕದ್ದಾಲಿಸುವವನು ರಹಸ್ಯ ಘಾತಾಂಕವನ್ನು 3ರಿಂದ ಭಾಗಿಸಿದರೆ ಉಳಿಯುವುದೆಷ್ಟು, 4ರಿಂದ ಎಷ್ಟು, 5ರಿಂದ ಎಷ್ಟು ಎಂದು ಬೇರೆಬೇರೆಯಾಗಿ ಕಂಡುಹಿಡಿದು, ಮೂರನ್ನೂ ಜೋಡಿಸಬಹುದು. ಅರವತ್ತು ಪ್ರಯತ್ನದ ಕೆಲಸ ಹನ್ನೆರಡಕ್ಕೆ ಇಳಿಯುತ್ತದೆ. 617 ಅಂಕಿಗಳ ಭಾಜಕದಲ್ಲೂ ಈ ದೋಷವಿದ್ದರೆ ಕೋಟೆಯ ಗೋಡೆ ಎತ್ತರವಿದ್ದೂ ಬಾಗಿಲು ತೆರೆದಂತೆ. 47ರಲ್ಲಿ ಈ ದೋಷ ಕಡಿಮೆ, ಏಕೆಂದರೆ 46 ಎಂದರೆ 2 ಮತ್ತು 23 ಮಾತ್ರ, 23 ಸ್ವತಃ ಅವಿಭಾಜ್ಯ. ಆದರೂ ಆ 2ರ ದೆಸೆಯಿಂದ ಒಂದು ಚೂರು ಸೋರುತ್ತದೆ. 18ನ್ನು 23ನೇ ಘಾತಕ್ಕೆ ಏರಿಸಿದರೆ ಶೇಷ 1 ಬರುತ್ತದೆ, ಇದರಿಂದ ಅನುವಿನ ಗುಟ್ಟು ಸಮಸಂಖ್ಯೆ ಎಂದು ಗೊತ್ತಾಗುತ್ತದೆ. 10ಕ್ಕೆ ಅದೇ ಲೆಕ್ಕ ಮಾಡಿದರೆ 46 ಬರುತ್ತದೆ, ಬಸುವಿನದು ಬೆಸಸಂಖ್ಯೆ ಎಂದಾಯಿತು. ಅದಕ್ಕಿಂತ ಹೆಚ್ಚೇನೂ ಈ ದಾರಿಯಲ್ಲಿ ಸಿಗದು.

ಹೀಗೆ ಜಾತಕ ನೋಡಿ ಆರಿಸಿದ ಅವಿಭಾಜ್ಯ ಸಂಖ್ಯೆಗಳನ್ನು ಇಂಟರ್‌ನೆಟ್ಟಿನ ಮಾನದಂಡಗಳಲ್ಲೇ ಪ್ರಕಟಿಸಿದ್ದಾರೆ. 2003ರಲ್ಲಿ ಪ್ರಕಟವಾದ 2048 ಬಿಟ್‌ಗಳ ಒಂದು ಭಾಜಕ ಇಂದಿಗೂ ಬಳಕೆಯಲ್ಲಿದೆ. ಅದರ ಆಧಾರ ಬರೀ 2, ಅದರ ನಡುವಿನ ಬಿಟ್‌ಗಳನ್ನು ತೆಗೆದುಕೊಂಡಿರುವುದು ಪೈ ಸಂಖ್ಯೆಯಿಂದ. ಯಾರೋ ತಮಗೆ ಮಾತ್ರ ಗೊತ್ತಿರುವ ದೋಷವೊಂದನ್ನು ಒಳಗೆ ಹುದುಗಿಸಿಟ್ಟಿದ್ದಾರೆಂಬ ಸಂಶಯ ಹುಟ್ಟದಿರಲೆಂದು ಹಾಗೆ ಮಾಡಿದ್ದಾರೆ.

ಎಲ್ಲರೂ ಒಂದೇ ಭಾಜಕವನ್ನು ಬಳಸುವುದರಲ್ಲೂ ಅಪಾಯವಿದೆ ಎಂಬುದು 2015ರಲ್ಲಿ ಬಯಲಾಯಿತು. ‘ಲಾಗ್‌ಜಾಮ್’ ಎಂದು ಹೆಸರಾದ ದಾಳಿಯನ್ನು ಆ ವರ್ಷ ಸಂಶೋಧಕರು ವಿವರಿಸಿದರು. 1990ರ ದಶಕದಲ್ಲಿ ಅಮೆರಿಕ ಸರ್ಕಾರ ಬಲವಾದ ಗೂಢಲಿಪಿ ತಂತ್ರಾಂಶದ ರಫ್ತಿಗೆ ಕಡಿವಾಣ ಹಾಕಿತ್ತು, ಅದಕ್ಕಾಗಿ 512 ಬಿಟ್‌ಗಳ ದುರ್ಬಲ ಭಾಜಕಗಳು ಬಳಕೆಗೆ ಬಂದಿದ್ದವು. ಎಷ್ಟೋ ಸರ್ವರ್‌ಗಳಲ್ಲಿ ಆ ಹಳೆಯ ವ್ಯವಸ್ಥೆ ಇನ್ನೂ ಉಳಿದಿತ್ತು. ಈ ಲೆಕ್ಕದ ಭಾರವಾದ ಭಾಗವೆಲ್ಲ ಭಾಜಕಕ್ಕೆ ಮಾತ್ರ ಸಂಬಂಧಿಸಿದ್ದು, ಅದನ್ನು ಒಮ್ಮೆ ಮಾಡಿಟ್ಟುಕೊಂಡರೆ ಅದೇ ಭಾಜಕ ಬಳಸುವ ಯಾರ ರಹಸ್ಯವನ್ನಾದರೂ ಬೇಗ ಬಿಡಿಸಬಹುದು. ತಂಡಕ್ಕೆ ಆ ಪೂರ್ವಸಿದ್ಧತೆಗೆ ಒಂದು ವಾರ ಹಿಡಿಯಿತು. ಆಮೇಲೆ ಒಂದೊಂದು ಸಂಪರ್ಕದ ಕೀಲಿ ಒಂದೆರಡು ನಿಮಿಷದಲ್ಲೇ ಸಿಗತೊಡಗಿತು. ಪೂರ್ವಸಿದ್ಧತೆಯೇ ಅಸಾಧ್ಯವಾಗುವಷ್ಟು ಭಾಜಕ ದೊಡ್ಡದಿದ್ದಾಗ ಮಾತ್ರ ಅದನ್ನು ಎಲ್ಲರೂ ಹಂಚಿಕೊಳ್ಳುವುದು ಸುರಕ್ಷಿತ. ಈ ಘಟನೆಯ ನಂತರ ಬ್ರೌಸರ್‌ಗಳು ಚಿಕ್ಕ ಭಾಜಕಗಳನ್ನು ನಿರಾಕರಿಸತೊಡಗಿದವು.

ಇಂದು ಹೆಚ್ಚಾಗಿ ನಡೆಯುವ ವಿನಿಮಯದಲ್ಲಿ ಶೇಷಗಳ ಘಾತದ ಬದಲು ಎಲಿಪ್ಟಿಕ್ ಕರ್ವ್ ಎಂಬ ವಕ್ರರೇಖೆಯ ಮೇಲಿನ ಬಿಂದುಗಳನ್ನು ಬಳಸುತ್ತಾರೆ. ಹೆಜ್ಜೆಗಳ ಕ್ರಮ ಅನು–ಬಸುವಿನದೇ. ಮೇಲೆ ಹೇಳಿದ ವೇಗದ ದಾರಿಗಳು ಚೆನ್ನಾಗಿ ಆರಿಸಿದ ರೇಖೆಗಳ ಮೇಲೆ ನಡೆಯುವುದಿಲ್ಲ, ಶ್ಯಾಂಕ್ಸ್ ಬಗೆಯ ದಾರಿಯಷ್ಟೇ ಉಳಿಯುತ್ತದೆ. ಆದ್ದರಿಂದ ಸುಮಾರು 256 ಬಿಟ್‌ಗಳ ಸಂಖ್ಯೆಗಳೇ ಸಾಕಾಗುತ್ತವೆ. ಇವೆರಡಕ್ಕೂ ಸಮಾನವಾದ ಒಂದು ಬೆದರಿಕೆ ಮಾತ್ರ ಮುಂದೆ ಇದೆ. ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಇದ್ದರೆ ಡಿಸ್ಕ್ರೀಟ್ ಲಾಗರಿದಮ್ ಸುಲಭವಾಗುತ್ತದೆಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಅಂಥ ಯಂತ್ರ ಇನ್ನೂ ತಯಾರಾಗಿಲ್ಲ, ಆದರೆ ಇಂದಿನ ಸಂದೇಶಗಳನ್ನು ಸಂಗ್ರಹಿಸಿಟ್ಟುಕೊಂಡು ಅಂದು ಬಿಡಿಸಬಹುದಲ್ಲ? ಆ ಕಾರಣಕ್ಕೆ ಮುಖ್ಯ ಬ್ರೌಸರ್‌ಗಳು ಈಗಾಗಲೇ ಹಳೆಯ ವಿನಿಮಯದ ಜತೆಗೆ ಬೇರೆ ಬಗೆಯ ಗಣಿತವನ್ನು ಆಧರಿಸಿದ ಇನ್ನೊಂದು ವಿನಿಮಯವನ್ನೂ ಸೇರಿಸಿ ಬಳಸುತ್ತಿವೆ.

ಇಲ್ಲಿಯವರೆಗೆ ಮೂರನೆಯವನು ಕೇಳುತ್ತಾನಷ್ಟೇ ಎಂದು ಇಟ್ಟುಕೊಂಡಿದ್ದೆವು. ಅವನು ಮಾತನ್ನು ನಡುವೆ ತಡೆದು ಬದಲಿಸಬಲ್ಲವನಾದರೆ ಕತೆಯೇ ಬೇರೆ. ಅವನು ತನ್ನದೇ ಗುಟ್ಟಾಗಿ 9ನ್ನು ಆರಿಸಿಕೊಳ್ಳಲಿ. 5ರ 9ನೇ ಘಾತದ ಶೇಷ 40. ಅನು ಕಳಿಸಿದ 18ನ್ನು ಬಸುವಿಗೆ ಮುಟ್ಟಿಸದೆ 40ನ್ನು ಮುಟ್ಟಿಸುತ್ತಾನೆ. ಬಸುವಿನ 10ನ್ನು ತಡೆದು ಅನುವಿಗೂ 40ನ್ನೇ ಕೊಡುತ್ತಾನೆ. ಅನು 40ನ್ನು 12ನೇ ಘಾತಕ್ಕೆ ಏರಿಸಿದಾಗ 17 ಬರುತ್ತದೆ. ನಡುವಿನವನು 18ನ್ನು 9ನೇ ಘಾತಕ್ಕೆ ಏರಿಸಿದಾಗಲೂ 17. ಬಸು 40ನ್ನು 19ನೇ ಘಾತಕ್ಕೆ ಏರಿಸಿದರೆ 35, ನಡುವಿನವನು 10ನ್ನು 9ನೇ ಘಾತಕ್ಕೆ ಏರಿಸಿದರೂ 35. ಎರಡು ಕೀಲಿಗಳೂ ಅವನ ಕೈ ಸೇರಿದವು. ಅನುವಿನ ಸಂದೇಶವನ್ನು 17ರಿಂದ ಬಿಡಿಸಿ ಓದಿ, 35ರಿಂದ ಮತ್ತೆ ಕಲಸಿ ಬಸುವಿಗೆ ದಾಟಿಸುತ್ತಾನೆ. ಇಬ್ಬರಿಗೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇವನು ಡಿಸ್ಕ್ರೀಟ್ ಲಾಗರಿದಮ್ ಬಿಡಿಸಲೇ ಇಲ್ಲ ಎಂಬುದನ್ನು ಗಮನಿಸಬೇಕು. 617 ಅಂಕಿಗಳಿದ್ದರೂ ಈ ಮೋಸ ಇಷ್ಟೇ ಸುಲಭ.

ಈ ವಿಧಾನ ರಹಸ್ಯವನ್ನು ಕೊಡುತ್ತದೆ, ಅದು ಯಾರೊಂದಿಗಿನ ರಹಸ್ಯ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಬೇರೆ ಏರ್ಪಾಡು ಬೇಕು. ಜಾಲತಾಣಗಳು ತಮ್ಮ ಬಹಿರಂಗ ಸಂಖ್ಯೆಯ ಜತೆ ಡಿಜಿಟಲ್ ಸಹಿ ಹಾಕಿ ಕಳಿಸುತ್ತವೆ, ಬ್ರೌಸರ್ ಆ ಸಹಿಯನ್ನು ಪ್ರಮಾಣಪತ್ರದೊಂದಿಗೆ ತಾಳೆ ನೋಡುತ್ತದೆ. ಪ್ರಮಾಣಪತ್ರ ಸರಿಯಿಲ್ಲವೆಂದು ಬ್ರೌಸರ್ ಎಚ್ಚರಿಸಿದಾಗ ಅದನ್ನು ದಾಟಿ ಮುಂದೆ ಹೋಗಬಾರದು ಎನ್ನುವುದು ಇದೇ ಕಾರಣಕ್ಕೆ. ಬಂದ ಸಂಖ್ಯೆ 0, 1 ಅಥವಾ 46ರಂಥದ್ದಾಗಿದ್ದರೆ ಒಳ್ಳೆಯ ತಂತ್ರಾಂಶ ಅದನ್ನೂ ತಿರಸ್ಕರಿಸುತ್ತದೆ. 46ನ್ನು ಯಾವ ಘಾತಕ್ಕೆ ಏರಿಸಿದರೂ 1 ಇಲ್ಲವೇ 46 ಮಾತ್ರ ಬರುವುದರಿಂದ ಅಲ್ಲಿ ಕೀಲಿಯನ್ನು ಊಹಿಸುವುದು ಮಕ್ಕಳಾಟ.

ನಡುವೆ ಯಾರೋ ಕೂತಿದ್ದಾರೆಯೇ ಎಂದು ತಿಳಿಯುವ ದಾರಿ ಮೇಲಿನ ಲೆಕ್ಕದಲ್ಲೇ ಇದೆ: ಅನುವಿನ ಬಳಿ 17, ಬಸುವಿನ ಬಳಿ 35. ಎರಡೂ ಕಡೆಯ ಸಂಖ್ಯೆಗಳನ್ನು ಹೋಲಿಸಿದರೆ ಮೋಸ ಬಯಲಾಗುತ್ತದೆ. ಕೀಲಿಯನ್ನೇ ಬಾಯಿಬಿಟ್ಟು ಹೇಳಿದರೆ ರಹಸ್ಯ ಹೋಗುತ್ತದೆ, ಆದ್ದರಿಂದ ಎರಡೂ ಬದಿಯ ಬಹಿರಂಗ ಸಂಖ್ಯೆಗಳಿಂದ ಪಡೆದ ಗುರುತನ್ನು ಹೋಲಿಸುತ್ತಾರೆ. ವಾಟ್ಸಾಪಿನಲ್ಲಿ ಯಾವುದೇ ಸಂಪರ್ಕದ ವಿವರದೊಳಗೆ ಎನ್‌ಕ್ರಿಪ್ಷನ್ ಎಂಬಲ್ಲಿ ಒತ್ತಿದರೆ ಕಾಣುವ 60 ಅಂಕಿಗಳು ಅಂಥ ಗುರುತು. ಮುಖ್ಯವಾದ ವಿಷಯ ಹಂಚಿಕೊಳ್ಳುವವರು ಆ ಅಂಕಿಗಳನ್ನು ಒಮ್ಮೆ ಎದುರುಬದುರು ಕುಳಿತು ಹೋಲಿಸಿಕೊಳ್ಳಬೇಕು. ಅದೇ ಆ್ಯಪಿನಲ್ಲಿ ಸಂದೇಶವಾಗಿ ಕಳಿಸಿ ಕೇಳಿದರೆ ನಡುವಿನವನು ಅದನ್ನೂ ಬದಲಿಸಬಲ್ಲ.